2017ರ ಖಾತೆ, ಮೂರು ವಾರದ ಅಂಗಡಿ

ಹೋದ ಸೆಮ್ ಮುಗಿಯೋ ಹೊತ್ತಿಗೆ ನಮ್ಮ ರೂಮಿನ ಕುಂದಗೋಳದ ಗೆಳೆಯ ಅಕ್ಕನ ಮದುವೆಗೆ ಅಂತ ನವಲಗುಂದದ ಜಮಖಾನೆ ಹುಡುಕ್ತಿದ್ದ. ಅದೇ, ಹೆಣ್ಣುಮಕ್ಕಳು ಮನೆಯಲ್ಲೇ ಮಗ್ಗ ಹಾಕಿ ನೇಯೋ, ನವಿಲು ಪಗಡೆ ಡಿಸೈನಿನ, ಜಿಐ ಟ್ಯಾಗ್ ಇರೋ ಜಮಖಾನೆ. ಇನ್‌ಸ್ಟಾಗ್ರಾಂನಲ್ಲಿ ಒಂದು ಪೇಜ್ ಸಿಕ್ತು. ಚಂದದ ಫೋಟೋ, 14 ಸಾವಿರ ಫಾಲೋವರ್ಸ್, ಕಡಿಮೆ ರೇಟು. ಟೋಕನ್ ಅಂತ 1,000 ರೂಪಾಯಿ ಕಳಿಸಿದ. ಮರುದಿನ ಅವರು ಇನ್ನೂ 8,000 ಕೇಳಿದಾಗ ನಾವು ತಡೆದ್ವಿ. ಅವನು ಫೋನ್ ನಮ್ಮ ಮುಂದೆ ಹಿಡಿದು, "ಲೇ, ನೋಡ್ರಿಲ್ಲೆ, 2017ರ ಖಾತೆ ಐತಿ. ಮೋಸ ಮಾಡಾವ್ರು ಎಂಟು ವರ್ಷ ಕುಂದರ್ತಾರೇನು?" ಅಂದ.

ಅವನು ತೋರಿಸಿದ್ದು About this account ಅನ್ನೋ ಪುಟ. ಯಾವುದೇ ಪ್ರೊಫೈಲ್‌ಗೆ ಹೋಗಿ ಮೇಲೆ ಬಲಕ್ಕಿರೋ ಮೂರು ಚುಕ್ಕಿ ಒತ್ತಿದರೆ ಅದು ಸಿಗುತ್ತದೆ. ಅಲ್ಲಿ ಮುಖ್ಯವಾಗಿ ಮೂರು ಸಾಲು: Date joined, Account based in, Former usernames. ಎಲ್ಲ ಖಾತೆಗಳಲ್ಲೂ ಮೂರೂ ಕಾಣಲೇಬೇಕು ಅಂತಿಲ್ಲ. ಗೆಳೆಯ ಮೊದಲ ಸಾಲು ಓದಿ ನಿಲ್ಲಿಸಿದ್ದ. ಕೆಳಗಿನ Former usernames ಪಕ್ಕ 5 ಅಂತ ಇತ್ತು.

ಆ ಐದು ಯಾಕೆ ಮುಖ್ಯ ಅಂತ ಹೇಳೋಕೆ ಡೇಟಾಬೇಸ್ ಕ್ಲಾಸಿನ ಪ್ರೈಮರಿ ಕೀ ನೆನಪು ಮಾಡ್ಕೋಬೇಕು (ಆ ಕ್ಲಾಸ್ ಒಂದ್ಸಲ ಆದ್ರೂ ಉಪಯೋಗಕ್ಕೆ ಬಂತು). ಖಾತೆ ಹುಟ್ಟಿದಾಗ ಅದಕ್ಕೊಂದು ನಂಬರ್ ಬೀಳುತ್ತದೆ. ಫಾಲೋವರ್ಸ್, ಪೋಸ್ಟ್, ಸೇರಿದ ತಾರೀಖು ಎಲ್ಲ ಆ ನಂಬರಿಗೆ ಅಂಟಿಕೊಂಡಿರುತ್ತವೆ. ನಮಗೆ ಕಾಣೋ ಹೆಸರು ಯಾವಾಗ ಬೇಕಾದರೂ ಬದಲಾಯಿಸಬಹುದಾದ ಒಂದು ಚೀಟಿ ಅಷ್ಟೇ. ಹೆಸರು ಮತ್ತು ನಂಬರ್ ಬದಲಿಸಿ ಬರೆದರೆ ಹೀಗೆ:

```
id      username        joined
48213   bike_memes_xx   2017
48213   jamkhana_xx     2017
```

ಅಂದರೆ 2017 ಅನ್ನೋದು ಖಾತೆಯ ವಯಸ್ಸು, ಅಂಗಡಿಯ ವಯಸ್ಸಲ್ಲ. ಯಾರೋ ಬೆಳೆಸಿದ ಮೀಮ್ ಪೇಜನ್ನು ಕೊಂಡೋ, ಪಾಸ್‌ವರ್ಡ್ ಕದ್ದೋ ಕೈಗೆ ತಗೊಂಡು, ಹಳೆ ಪೋಸ್ಟ್ ಅಳಿಸಿ, ಹೆಸರು ಬದಲಿಸಿದರೆ ಫಾಲೋವರ್ಸೂ ಉಳೀತಾರೆ, ಹಳೆ ತಾರೀಖೂ ಉಳಿಯುತ್ತದೆ. ಹಾಗಂತ ಹೆಸರು ಬದಲಿಸಿದವರೆಲ್ಲ ಕಳ್ಳರಲ್ಲ. ಪಿಯುಸಿಯಲ್ಲಿ ಇಟ್ಟ ಹೆಸರು ಈಗ ನಾಚಿಕೆ ತರಿಸುತ್ತೆ ಅಂತ ನಮ್ಮಲ್ಲೇ ಎಷ್ಟು ಜನ ಬದಲಿಸಿಲ್ಲ! ಪುಟ ಎಷ್ಟು ಸಲ ಅಂತ ಹೇಳುತ್ತೆ, ಯಾಕೆ ಅಂತ ಹೇಳಲ್ಲ. ಆದ್ದರಿಂದ ಆ ಸಂಖ್ಯೆ ಜಾಸ್ತಿ ಇದ್ದರೆ ಇನ್ನೆರಡು ಕಡೆ ನೋಡಬೇಕು.

ನಾವು ಮೊದಲು ಪೋಸ್ಟ್‌ಗಳ ತಳಕ್ಕೆ ಹೋದ್ವಿ. ಎಲ್ಲಕ್ಕಿಂತ ಹಳೆಯ ಪೋಸ್ಟಿಗೆ ಬರೀ ಮೂರು ವಾರ. ಎಂಟು ವರ್ಷದ ಅಂಗಡಿಗೆ ಎಂಟು ವರ್ಷದ ಒಂದು ಫೋಟೋನೂ ಇಲ್ಲ. ಆಮೇಲೆ ಬೇರೆಯವರು ಟ್ಯಾಗ್ ಮಾಡಿದ ಫೋಟೋಗಳ ಟ್ಯಾಬ್ ತೆಗೆದ್ವಿ. ಟ್ಯಾಗ್ ಕೂಡ ಹೆಸರಿಗಲ್ಲ, ಖಾತೆಗೆ ಅಂಟಿರುತ್ತದೆ. ಮಾಲೀಕ ಅದನ್ನೂ ಮರೆಮಾಡಬಹುದು, ಆದರೆ ಇವನು ಮರೆತಿದ್ದ. ಅಲ್ಲಿ 2019ರ ಬೈಕ್ ಸ್ಟಂಟ್ ಫೋಟೋಗಳು ಹಂಗೇ ಕೂತಿದ್ವು, ಜಮಖಾನೆ ಒಂದೂ ಇಲ್ಲ. ಗೆಳೆಯ ಮಾತಾಡಲಿಲ್ಲ.

ಇದರ ಉಲ್ಟಾ ಕೇಸೂ ಇದೆ. ನಿಜವಾದ ಅಂಗಡಿಯವರೇ ಹೆಸರು ಬದಲಿಸ್ತಾರೆ ಅಂದ್ಕೊಳ್ಳಿ. ಇನ್‌ಸ್ಟಾಗ್ರಾಂ ಹಳೆ ಹೆಸರನ್ನು 14 ದಿನ ಅವರಿಗಾಗಿ ಇಟ್ಟಿರುತ್ತದೆ, ಆಮೇಲೆ ಬೇರೆಯವರು ಅದನ್ನು ಹಿಡಿಯಬಹುದು. ವಿಸಿಟಿಂಗ್ ಕಾರ್ಡ್ ಮೇಲೆ ಇನ್ನೂ ಹಳೆ ಹೆಸರೇ ಇರುತ್ತದೆ. ಅದನ್ನು ನೋಡಿ ಹೋದವರಿಗೆ ಸಿಗೋದು ಬೇರೆಯವರ ಖಾತೆ. ಹೊಸ ಖಾತೆ ತೆರೆದು ಆ ಹೆಸರು ಹಿಡಿದಿದ್ದರೆ ಇಲ್ಲಿ Date joined ಸತ್ಯ ಹೇಳುತ್ತೆ, ಯಾಕಂದ್ರೆ ಹೆಸರು ಹಳೇದಾದರೂ ನಂಬರ್ ಹೊಸದು.

ದೇಶದ ಸಾಲು ನಮಗೆ ಏನೂ ಸಹಾಯ ಮಾಡಲಿಲ್ಲ. India ಅಂತಿತ್ತು. ನವಲಗುಂದನೂ ಇಂಡಿಯಾನೇ, ಸಾವಿರ ಕಿಲೋಮೀಟರ್ ಆಚೆ ಕೂತು ಫೋನ್ ಒತ್ತೋನೂ ಇಂಡಿಯಾನೇ. ವಿಪಿಎನ್ ಹಾಕಿದರೆ ಆ ಸಾಲು ತಪ್ಪಾಗಲೂಬಹುದು. ಆದರೆ ಬೇರೆ ದೇಶದ ರಾಜಕೀಯ ಮಾತಾಡೋ ಖಾತೆಗಳ ವಿಷಯದಲ್ಲಿ ಅದೇ ದೊಡ್ಡದು. 2025ರ ನವೆಂಬರ್‌ನಲ್ಲಿ ಎಕ್ಸ್ ಇಂಥದ್ದೇ ಪುಟ ತಂದಾಗ, ಅಮೆರಿಕದವರ ಹಾಗೆ ಬರೀತಿದ್ದ ಎಷ್ಟೋ ಖಾತೆಗಳ ಮುಂದೆ ಬೇರೆ ದೇಶದ ಹೆಸರು ಕಾಣಿಸ್ತು. ಅಲ್ಲಿ ಪ್ರೊಫೈಲ್‌ನ Joined ತಾರೀಖನ್ನೇ ಒತ್ತಬೇಕು. ಬೇಕಾದವರು ದೇಶದ ಬದಲು ಬರೀ ಪ್ರದೇಶ ತೋರಿಸೋ ಹಾಗೆ ಇಟ್ಕೋಬಹುದು.

ನಮ್ಮ ಗೆಳೆಯ ಆ ಪೇಜಿಗೆ, "ಅಕ್ಕಾರ, ಮಗ್ಗದ ಮುಂದ ನಿಂತು ಒಂದ್ ವಿಡಿಯೋ ಕಾಲ್ ಮಾಡ್ರಿ" ಅಂತ ಮೆಸೇಜ್ ಹಾಕಿದ. ಹತ್ತು ನಿಮಿಷದಲ್ಲಿ ಬ್ಲಾಕ್. ಸ್ಕ್ರೀನ್‌ಶಾಟ್ ಇಟ್ಕೊಂಡು 1930ಕ್ಕೆ ಫೋನ್ ಮಾಡಿ ದೂರು ಕೊಟ್ವಿ, ಆ 1,000 ಇನ್ನೂ ಬಂದಿಲ್ಲ. ಮುಂದಿನ ಭಾನುವಾರ ಬಸ್ ಹತ್ತಿ ನವಲಗುಂದಕ್ಕೇ ಹೋಗಿ, ನೇಯ್ತಿದ್ದ ಮನೆಯಿಂದಲೇ ಎರಡು ಜಮಖಾನೆ ತಂದ್ವಿ. ಅವರಿಗೆ ಇನ್‌ಸ್ಟಾಗ್ರಾಂ ಖಾತೆನೇ ಇರಲಿಲ್ಲ.