ಷೇರುದಾರರ ಹಣಕ್ಕೆ ಬಡ್ಡಿ ಎಷ್ಟು? ಬೀಟಾ ಹೇಳುವ ಲೆಕ್ಕ

ಬ್ಯಾಂಕಿನಿಂದ ಸಾಲ ತಂದ ಕಂಪನಿಗೆ ಆ ಹಣದ ಬೆಲೆ ಎಷ್ಟೆಂದು ಗೊತ್ತು. ಸಾಲಪತ್ರದಲ್ಲೇ ಬಡ್ಡಿ ದರ ಬರೆದಿರುತ್ತದೆ. ಷೇರುದಾರರ ಹಣಕ್ಕೆ ಅಂಥ ಪತ್ರವಿಲ್ಲ. ಪ್ರತಿವರ್ಷ ಡಿವಿಡೆಂಡ್ ಕೊಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ಹಾಗೆಂದು ಅದು ಪುಕ್ಕಟೆ ಹಣವಲ್ಲ. ಅಷ್ಟೇ ಅಪಾಯವಿರುವ ಬೇರೆ ಕಡೆ ಹೂಡಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟನ್ನಾದರೂ ಷೇರುದಾರರು ನಿರೀಕ್ಷಿಸುತ್ತಾರೆ. ಆ ನಿರೀಕ್ಷೆಯನ್ನೇ ಈಕ್ವಿಟಿ ವೆಚ್ಚ ಎನ್ನುತ್ತಾರೆ.

ಅದನ್ನು ಅಂದಾಜು ಮಾಡಲು ಹೆಚ್ಚಾಗಿ ಬಳಸುವ ಸೂತ್ರ ಸಿಎಪಿಎಂ. ಅಮೆರಿಕದ ವಿಲಿಯಂ ಶಾರ್ಪ್ 1964ರಲ್ಲಿ ಇದನ್ನು ಮಂಡಿಸಿದರು. 1990ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಸೂತ್ರ ಹೀಗಿದೆ: ಈಕ್ವಿಟಿ ವೆಚ್ಚ = ಅಪಾಯವಿಲ್ಲದ ದರ + ಬೀಟಾ × (ಮಾರುಕಟ್ಟೆ ಪ್ರತಿಫಲ − ಅಪಾಯವಿಲ್ಲದ ದರ).

ವಾಣಿಜ್ಯ ವಿದ್ಯಾರ್ಥಿಗಳ ಕ್ವಿಜ್‌ನಲ್ಲಿ ಬರುವಂಥ ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. ಸರ್ಕಾರಿ ಬಾಂಡ್ 7% ಕೊಡುತ್ತದೆ. ಐದು ವರ್ಷಗಳಲ್ಲಿ ಮಾರುಕಟ್ಟೆ ಸೂಚ್ಯಂಕವೂ ಒಂದು ಕಂಪನಿಯ ಷೇರೂ ಕೊಟ್ಟ ಪ್ರತಿಫಲ ಶೇಕಡಾವಾರು ಹೀಗಿದೆ:

| ವರ್ಷ | ಮಾರುಕಟ್ಟೆ | ಷೇರು |
|---|---|---|
| 1 | 10 | 12 |
| 2 | 18 | 21 |
| 3 | −4 | −5 |
| 4 | 14 | 19 |
| 5 | 22 | 28 |

ಮೊದಲ ಹೆಜ್ಜೆ, ಸರಾಸರಿ. ಮಾರುಕಟ್ಟೆಯದು 12, ಷೇರಿನದು 15.

ಎರಡನೆಯದು, ಪ್ರತಿ ವರ್ಷದ ಅಂಕಿ ತನ್ನ ಸರಾಸರಿಯಿಂದ ಎಷ್ಟು ದೂರ ಎಂದು ನೋಡುವುದು. ಮಾರುಕಟ್ಟೆಗೆ −2, 6, −16, 2, 10. ಷೇರಿಗೆ −3, 6, −20, 4, 13.

ಮೂರನೆಯದು, ಆಯಾ ವರ್ಷದ ಎರಡು ದೂರಗಳನ್ನು ಗುಣಿಸುವುದು. 6, 36, 320, 8, 130 ಬರುತ್ತದೆ, ಒಟ್ಟು 500. ಮಾರುಕಟ್ಟೆಯ ದೂರಗಳ ವರ್ಗ 4, 36, 256, 4, 100, ಒಟ್ಟು 400.

500ನ್ನು 400ರಿಂದ ಭಾಗಿಸಿದರೆ ಬೀಟಾ 1.25. ಮಾರುಕಟ್ಟೆ ಶೇ. 10 ಏರಿದಾಗ ಈ ಷೇರು ಸರಾಸರಿ ಶೇ. 12.5 ಏರುವ, ಇಳಿದಾಗಲೂ ಅಷ್ಟೇ ಹೆಚ್ಚು ಇಳಿಯುವ ಒಲವು ತೋರಿದೆ ಎಂದು ಇದರ ಅರ್ಥ.

ಇಲ್ಲೊಂದು ಗೊಂದಲ ಸಾಮಾನ್ಯ. ಮೊತ್ತವನ್ನು 5ರಿಂದ ಭಾಗಿಸಬೇಕೋ 4ರಿಂದಲೋ? ಮೇಲೆ, ಕೆಳಗೆ ಎರಡೂ ಕಡೆ ಒಂದೇ ಸಂಖ್ಯೆಯಿಂದ ಭಾಗಿಸಿದರೆ ಬೀಟಾ ಬದಲಾಗದು: 100/80 ಆಗಲಿ, 125/100 ಆಗಲಿ, 1.25 ಬರುತ್ತದೆ. ಬೆರಕೆ ಮಾಡಿದರೆ ಮಾತ್ರ ಕೆಡುತ್ತದೆ. ಎಕ್ಸೆಲ್‌ನಲ್ಲಿ `COVARIANCE.P` 5ರಿಂದ ಭಾಗಿಸುತ್ತದೆ, `VAR.S` 4ರಿಂದ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಉತ್ತರ 1.00 ಎಂದು ಬಂದು, ಸಾಕಷ್ಟು ಏರಿಳಿತದ ಷೇರೂ ಮಾರುಕಟ್ಟೆಯಷ್ಟೇ ಶಾಂತವಾಗಿ ಕಾಣುತ್ತದೆ. ನೇರವಾಗಿ `SLOPE` ಬಳಸುವುದು ಸುರಕ್ಷಿತ. ಅದರಲ್ಲಿ ಷೇರಿನ ಕಾಲಂ ಮೊದಲು, ಮಾರುಕಟ್ಟೆಯದು ನಂತರ ಬರಬೇಕು.

ಕೊನೆಯ ಹೆಜ್ಜೆ ಸುಲಭ. ಮುಂದೆಯೂ ಮಾರುಕಟ್ಟೆ ಸರಾಸರಿ 12% ಕೊಡುತ್ತದೆ ಎಂದು ಪ್ರಶ್ನೆ ಹೇಳಿದ್ದರೆ, 7 + 1.25 × (12 − 7) = 13.25%.

ಅಂಕ ಹೋಗುವುದು ಹೆಚ್ಚಾಗಿ ಈ ಆವರಣದಲ್ಲೇ. 12 ಎಂಬುದು ಮಾರುಕಟ್ಟೆಯ ಪೂರ್ತಿ ಪ್ರತಿಫಲ. ಅದರಲ್ಲಿ 7 ಕಳೆದು ಉಳಿದ 5 ಮಾತ್ರ ಅಪಾಯಕ್ಕೆ ಸಿಗುವ ಪ್ರೀಮಿಯಂ. ಕಳೆಯುವುದನ್ನು ಮರೆತರೆ ಉತ್ತರ 22%. ಇನ್ನು ಕೆಲವು ಪ್ರಶ್ನೆಗಳು ಪ್ರೀಮಿಯಂ 5% ಎಂದು ನೇರವಾಗಿ ಕೊಡುತ್ತವೆ. ಅದರಿಂದ ಮತ್ತೆ 7 ಕಳೆದರೆ ಉತ್ತರ 4.5%, ಅಂದರೆ ಸರ್ಕಾರಿ ಬಾಂಡಿಗಿಂತಲೂ ಕಡಿಮೆ. ಪರೀಕ್ಷಿಸಲು ಒಂದು ಉಪಾಯವಿದೆ: ಬೀಟಾ ಜಾಗದಲ್ಲಿ 1 ಹಾಕಿ. ಉತ್ತರ ಮಾರುಕಟ್ಟೆ ಪ್ರತಿಫಲಕ್ಕೆ, ಇಲ್ಲಿ 12ಕ್ಕೆ, ಸರಿಯಾಗಿ ಬರಬೇಕು. ಬೇರೆ ಬಂದರೆ ಆವರಣ ತಪ್ಪಿದೆ.

ಷೇರು ಸರಾಸರಿ 15% ಕೊಟ್ಟಿರುವಾಗ ವೆಚ್ಚ 13.25% ಹೇಗೆ ಎಂದು ಕೇಳಬಹುದು. 15 ಹಿಂದೆ ಸಿಕ್ಕಿದ್ದು, 13.25 ಮುಂದೆ ಹೊರುವ ಅಪಾಯಕ್ಕೆ ಸಿಗಬೇಕಾದದ್ದು. ಅದೂ ಎಲ್ಲ ಅಪಾಯಕ್ಕಲ್ಲ. ಕಾರ್ಖಾನೆಗೆ ಬೆಂಕಿ ಬೀಳುವುದು, ಒಂದು ಔಷಧಕ್ಕೆ ಅನುಮತಿ ಸಿಗದಿರುವುದು ಮುಂತಾದ, ಕಂಪನಿಗಷ್ಟೇ ಸೇರಿದ ಆಪತ್ತನ್ನು ಹಲವು ಷೇರುಗಳಲ್ಲಿ ಹಣ ಹಂಚಿದವರು ಬಹುಪಾಲು ತಪ್ಪಿಸಿಕೊಳ್ಳಬಲ್ಲರು. ಮಾರುಕಟ್ಟೆಯೇ ಕುಸಿದಾಗ ಆಗುವ ನಷ್ಟದಿಂದ ಹಾಗೆ ಪಾರಾಗಲು ಬರುವುದಿಲ್ಲ. ಬೀಟಾ ಅಳೆಯುವುದು ಅದನ್ನು ಮಾತ್ರ. ಹೀಗಾಗಿ ತನ್ನಷ್ಟಕ್ಕೆ ವಿಪರೀತ ಕುಣಿಯುವ ಷೇರಿಗೂ ಕಡಿಮೆ ಬೀಟಾ ಇರಬಹುದು.

ಸೂತ್ರಕ್ಕೆ ಮಿತಿಯೂ ಇದೆ. ಐದು ವರ್ಷದ ಐದು ಅಂಕಿ ಕ್ವಿಜ್‌ಗೆ ಸಾಕು, ಹೂಡಿಕೆಗೆ ಸಾಲದು. ವೃತ್ತಿಯಲ್ಲಿರುವವರು ಸಾಮಾನ್ಯವಾಗಿ ಐದು ವರ್ಷದ ತಿಂಗಳುವಾರು 60 ಅಂಕಿಗಳನ್ನು ತೆಗೆದುಕೊಳ್ಳುತ್ತಾರೆ. ಕಂಪನಿ ಸಾಲ ಹೆಚ್ಚಿಸಿಕೊಂಡರೆ ಹಳೆಯ ಬೀಟಾ ಹೊಂದುವುದಿಲ್ಲ. 1992ರಲ್ಲಿ ಯೂಜೀನ್ ಫಾಮಾ ಮತ್ತು ಕೆನೆತ್ ಫ್ರೆಂಚ್ ಅಮೆರಿಕದ ಷೇರುಗಳನ್ನು ಪರಿಶೀಲಿಸಿ, ಪ್ರತಿಫಲದ ಅಂತರವನ್ನು ಬೀಟಾ ಒಂದೇ ವಿವರಿಸಲಾರದು ಎಂದು ತೋರಿಸಿದರು. ಆದ್ದರಿಂದ 13.25ರ ದಶಮಾಂಶವನ್ನು ನಂಬಬೇಡಿ, ಅದರ ಸುತ್ತಮುತ್ತಲಿನ ಅಂದಾಜನ್ನು ನಂಬಿ. ಷೇರುದಾರರ ಹಣದಿಂದ ಇಂಥದೇ ಅಪಾಯದ ಹೊಸ ಘಟಕ ಕಟ್ಟಿ 10% ಗಳಿಸುವ ಕಂಪನಿ, ಪುಸ್ತಕದಲ್ಲಿ ಲಾಭ ತೋರಿಸಿದರೂ ಅವರ ಪಾಲಿಗೆ ನಷ್ಟದಲ್ಲೇ ಇದೆ.