ಅಲ್ಲಿ ಇಳಿದ ಚಿನ್ನ ಇಲ್ಲಿ ಏರಿದ್ದು ಹೇಗೆ?

2018ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಒಂದು ಔನ್ಸ್ ಚಿನ್ನದ ಬೆಲೆ ಸುಮಾರು 1,300 ಡಾಲರ್ ಇತ್ತು. ಅಕ್ಟೋಬರ್ ಹೊತ್ತಿಗೆ ಅದು 1,200ರ ಆಸುಪಾಸಿಗೆ ಇಳಿಯಿತು. ಆದರೆ ಮದುವೆಗೆಂದು ಒಡವೆ ಕೊಳ್ಳಲು ಹೊರಟ ನಮ್ಮವರಿಗೆ ಚಿನ್ನ ಜನವರಿಗಿಂತ ತುಟ್ಟಿಯಾಗಿತ್ತು. ಆ ವರ್ಷ ಆಮದು ಸುಂಕ ಶೇ 10ರಲ್ಲೇ ಇತ್ತು, ಜಿಎಸ್‌ಟಿಯೂ ಶೇ 3 ದಾಟಲಿಲ್ಲ. ಬದಲಾದದ್ದು ರೂಪಾಯಿ. ಕಚ್ಚಾ ತೈಲ ದುಬಾರಿಯಾಗಿ, ಅಮೆರಿಕದಲ್ಲಿ ಬಡ್ಡಿ ದರ ಏರಿ, ವರ್ಷದ ಆರಂಭದಲ್ಲಿ 64 ರೂಪಾಯಿಗೂ ತುಸು ಕಡಿಮೆಯಿದ್ದ ಡಾಲರ್ ಅಕ್ಟೋಬರ್‌ನಲ್ಲಿ 74 ದಾಟಿತ್ತು.

ನಾವು ಬಳಸುವ ಚಿನ್ನದಲ್ಲಿ ಹೆಚ್ಚಿನ ಪಾಲು ಹೊರದೇಶದಿಂದ ಬರುತ್ತದೆ. ಅದನ್ನು ತರಿಸುವ ಬ್ಯಾಂಕುಗಳು ಡಾಲರ್‌ನಲ್ಲೇ ಹಣ ಕೊಡಬೇಕು. ಹಾಗಾಗಿ ಲೆಕ್ಕ ಶುರುವಾಗುವುದೇ ಡಾಲರ್‌ನಿಂದ. ಔನ್ಸ್ ಬೆಲೆಯನ್ನು ಡಾಲರ್ ದರದಿಂದ ಗುಣಿಸಬೇಕು, 31.1ರಿಂದ ಭಾಗಿಸಬೇಕು. ಒಂದು ಔನ್ಸ್ ಎಂದರೆ ಅಷ್ಟು ಗ್ರಾಂ. ಬಂದ ಮೊತ್ತದ ಮೇಲೆ ಸುಂಕ, ಅದರ ಮೇಲೆ ಜಿಎಸ್‌ಟಿ.

ಜನವರಿಯ ಅಂಕಿಗಳನ್ನು ಹಾಕಿದರೆ 10 ಗ್ರಾಂ ಅಪರಂಜಿಗೆ ಸುಮಾರು 30,200 ರೂಪಾಯಿ ಬರುತ್ತದೆ. ಅಕ್ಟೋಬರ್‌ನ 1,200 ಡಾಲರ್ ಮತ್ತು 74 ರೂಪಾಯಿ ಹಾಕಿದರೆ 32,300 ದಾಟುತ್ತದೆ. ಈಗ ಅದೇ 1,200 ಡಾಲರನ್ನು ಹಾಗೇ ಇಟ್ಟುಕೊಂಡು, ರೂಪಾಯಿ ಕುಸಿಯದೆ ಜನವರಿಯ ದರದಲ್ಲೇ ಉಳಿದಿತ್ತು ಎಂದುಕೊಳ್ಳಿ: 10 ಗ್ರಾಂ 27,900 ರೂಪಾಯಿಯೊಳಗೆ ಸಿಗುತ್ತಿತ್ತು. ನಡುವಿನ ಸುಮಾರು 4,500 ರೂಪಾಯಿ ಪೂರ್ತಿ ವಿನಿಮಯ ದರದ್ದು.

ಈ ಹೊರೆಯಲ್ಲಿ ತೆರಿಗೆಯೂ ಸೇರಿಕೊಂಡಿದೆ. ಸುಂಕದ ಪ್ರಮಾಣ ಬದಲಾಗದಿದ್ದರೂ ಅದು ಬೀಳುವುದು ರೂಪಾಯಿ ಮೌಲ್ಯದ ಮೇಲೆ. ಮೌಲ್ಯ ಉಬ್ಬಿದಷ್ಟೂ ಸುಂಕದ ಮೊತ್ತ ಉಬ್ಬುತ್ತದೆ. ಮಜೂರಿಯನ್ನು ಶೇಕಡಾವಾರು ಹಾಕುವ ಅಂಗಡಿಯಾದರೆ ಅದೂ ಜೊತೆಗೇ ಏರುತ್ತದೆ.

ಹೋದ ತಿಂಗಳು ತರಿಸಿದ ಚಿನ್ನಕ್ಕೆ ಇವತ್ತಿನ ದರ ಏಕೆ ಎಂದು ಗಿರಾಕಿಗಳು ಸಿಟ್ಟಾಗುವುದುಂಟು. ಆದರೆ ಮಾರಿದಷ್ಟು ಚಿನ್ನವನ್ನು ವ್ಯಾಪಾರಿ ಮತ್ತೆ ತುಂಬಿಕೊಳ್ಳಬೇಕಾದದ್ದು ಇವತ್ತಿನ ಡಾಲರ್ ದರದಲ್ಲೇ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ನಮ್ಮದೇ ನೆಲದಿಂದ ತೆಗೆದ ಚಿನ್ನವೂ ಇದೇ ಕಾರಣಕ್ಕೆ ಅಗ್ಗವಾಗುವುದಿಲ್ಲ. ಮಾರುಕಟ್ಟೆಗೆ ಬಂದ ಮೇಲೆ ಅದಕ್ಕೂ ಆಮದು ಚಿನ್ನದ ಬೆಲೆಯೇ.

ಈ ಲೆಕ್ಕ ಪ್ರತಿದಿನ ರೂಪಾಯಿಗೆ ರೂಪಾಯಿ ತಾಳೆಯಾಗುವುದಿಲ್ಲ. ಬೇಡಿಕೆ ತಗ್ಗಿದಾಗ ಸಗಟು ವ್ಯಾಪಾರಿಗಳು ಆಮದು ವೆಚ್ಚಕ್ಕಿಂತ ಕಡಿಮೆಗೆ ಮಾರುತ್ತಾರೆ, ಹಬ್ಬದ ದಿನಗಳಲ್ಲಿ ತುಸು ಹೆಚ್ಚಿಗೆ. ಆದ್ದರಿಂದ ದರ ದಿಢೀರನೆ ಏರಿದ ದಿನ ಡಾಲರ್‌ನಲ್ಲಿ ಔನ್ಸ್ ಬೆಲೆ ಎಷ್ಟಿದೆ, ಡಾಲರ್‌ಗೆ ಎಷ್ಟು ರೂಪಾಯಿ, ಎರಡನ್ನೂ ನೋಡಿ. ಔನ್ಸ್ ಬೆಲೆ ಅಲುಗಾಡದೆ ಡಾಲರ್ ಶೇ 2 ಏರಿದ್ದರೆ, ಅಂಗಡಿಯಲ್ಲಿ ಚಿನ್ನ ಹೆಚ್ಚುಕಡಿಮೆ ಅಷ್ಟೇ ಏರಿರಬೇಕು. ಶೇ 5 ಏರಿದ್ದರೆ ಕಾರಣ ಬೇರೆ ಇದೆ. ಸುಂಕ ಹೆಚ್ಚಿದೆಯೇ, ಮಜೂರಿ ಎಷ್ಟು ಹಾಕಿದ್ದಾರೆ ಎಂದು ಕೇಳಿಯೇ ದುಡ್ಡು ಕೊಡಿ.