ಅಜ್ಜಿಗೆ ಓದಿ ಹೇಳಿದ ‘ಬೆಟ್ಟದ ಜೀವ’

ನಮ್ಮ ಅತ್ತೆಯವರಿಗೆ ಈಗ 82 ವರ್ಷ. ಕಣ್ಣು ಮಂಜಾದ ಮೇಲೆ ಪುಸ್ತಕ ಹಿಡಿಯುವುದನ್ನೇ ಬಿಟ್ಟಿದ್ದರು. ಕಳೆದ ಬೇಸಿಗೆ ರಜೆಯಲ್ಲಿ ಏಳನೇ ತರಗತಿಯ ನನ್ನ ಮಗಳು ಅವರಿಗೆ ಶಿವರಾಮ ಕಾರಂತರ ‘ಬೆಟ್ಟದ ಜೀವ’ ಕಾದಂಬರಿಯನ್ನು ಓದಿ ಹೇಳಲು ಕುಳಿತಳು.

ಮೊದಲ ದಿನವೇ ಎಡವಟ್ಟಾಯಿತು. ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕನೊಬ್ಬ ಈ ಕಥೆಯನ್ನು ‘ನಾನು’ ಎಂದೇ ಹೇಳುತ್ತಾನೆ. ಸ್ವಲ್ಪ ಕೇಳಿದ ಅಜ್ಜಿ, “ನೀನ್ಯಾವಾಗ ಕಾಡಿಗೆ ಹೋಗಿದ್ದೆ ಪುಟ್ಟಿ?” ಎಂದರು! ಅಂದಿನಿಂದ ಮಗಳು ಓದುವ ಮೊದಲು, ಕಥೆ ಹೇಳುತ್ತಿರುವವನು ಯಾರು, ನಿನ್ನೆ ಎಲ್ಲಿಗೆ ನಿಂತಿತ್ತು ಎಂದು ಎರಡು ಮಾತಿನಲ್ಲಿ ನೆನಪಿಸತೊಡಗಿದಳು.

ಅಜ್ಜಿ ಬೆಳೆದದ್ದು ಕೋಲಾರದ ರಾಗಿ ಹೊಲಗಳ ನಡುವೆ. ಬೆಟ್ಟದ ಅಡಿಕೆ ತೋಟ ಅವರಿಗೆ ಹೊಸದು. ಮಗಳು ಸಾಲು ಸಾಲಿಗೂ ನಿಲ್ಲಿಸಿ ಅರ್ಥ ಹೇಳಿದಳು. “ಕಥೆ ಎಲ್ಲಿತ್ತು ಅನ್ನೋದೇ ಮರೆತುಹೋಯ್ತು ಕಣೇ” ಎಂದರು ಅಜ್ಜಿ. ಆಮೇಲೆ ಅವಳು ಒಂದು ಉಪಾಯ ಮಾಡಿದಳು. ಬೆಳಗ್ಗೆಯೇ ಅಂದಿನ ಪುಟಗಳನ್ನು ಓದಿಕೊಂಡು, ಯಾವುದು ತಿಳಿಯದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲವೋ ಅಲ್ಲಿ ಮಾತ್ರ ಪೆನ್ಸಿಲ್ ಗುರುತು ಹಾಕಿದಳು. ಸಂಭಾಷಣೆಯ ನಡುವೆ ನಿಲ್ಲಿಸದೆ, ಅದು ಮುಗಿದ ಮೇಲೆ ಒಂದೇ ವಾಕ್ಯದಲ್ಲಿ ವಿವರಿಸಿದಳು. ಅಜ್ಜಿ “ಹೂಂ” ಎನ್ನುವುದನ್ನು ನಿಲ್ಲಿಸಿದರೆ ಎಳೆ ತಪ್ಪಿದೆ ಎಂದರ್ಥ. ಆಗ ‘ಅವರು’ ಎಂದಿರುವ ಕಡೆ ‘ಗೋಪಾಲಯ್ಯ’ ಎಂದು ಹೆಸರು ಸೇರಿಸಿ ಮತ್ತೊಮ್ಮೆ ಓದುತ್ತಿದ್ದಳು.

ಇಪ್ಪತ್ತು ನಿಮಿಷಕ್ಕೆ ಅಜ್ಜಿ ದಣಿಯುತ್ತಿದ್ದರು. ಹಾಗಾಗಿ ಕಾಡಿನ ಉದ್ದ ವರ್ಣನೆಗಳಲ್ಲಿ ಒಂದನ್ನು ಪೂರ್ತಿ ಓದಿ, ಉಳಿದವನ್ನು “ಇಲ್ಲಿ ಸ್ವಲ್ಪ ಬಿಟ್ಟೆ ಅಜ್ಜಿ, ನಡೆದೂ ನಡೆದೂ ಕತ್ತಲಾಯ್ತು” ಎಂದು ಹೇಳಿಯೇ ದಾಟುತ್ತಿದ್ದಳು.

ಆದರೆ ಒಂದು ಕಡೆ ಹೇಳದೆಯೇ ಬಿಟ್ಟಳು. ಗೋಪಾಲಯ್ಯ, ಶಂಕರಮ್ಮ ದಂಪತಿಯ ಮಗ ಶಂಭು ಮನೆ ಬಿಟ್ಟು ಹೋದವನು, ತಿರುಗಿ ಬಂದಿಲ್ಲ. ನನ್ನ ಮೈದುನನೂ ಊರಿಗೆ ಬಂದು ಆರು ವರ್ಷವಾಗಿತ್ತು. ಅಜ್ಜಿ ಅತ್ತುಬಿಟ್ಟಾರು ಎಂದು ಹೆದರಿ ಮಗಳು ಆ ಪುಟಗಳನ್ನು ಹಾರಿಸಿದಳು. ಮರುದಿನ ಅಜ್ಜಿ ಕೇಳಿದರು: “ಶಂಕರಮ್ಮ ಯಾಕೆ ಅಷ್ಟು ಕೊರಗ್ತಾಳೆ? ಏನೋ ಬಿಟ್ಟಿದ್ದೀಯ ನೀನು.”

ಮಗಳು ನಿಜ ಹೇಳಿದಳು. “ಓದ್ಲಾ, ಬೇಡ್ವಾ ಅಜ್ಜಿ?”

“ಓದು. ಅದಿಲ್ಲದೆ ಕಥೆ ಎಲ್ಲಿದೆ?”

ಅಂದು ಅವಳು ನಿಧಾನವಾಗಿ ಓದಿದಳು, ಎಲ್ಲಿಯೂ ವಿವರಿಸಲಿಲ್ಲ. ಮುಗಿದ ಮೇಲೆ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಚಿಕ್ಕಪ್ಪ ಚಿಕ್ಕವನಿದ್ದಾಗ ಹುಣಸೆ ಮರ ಹತ್ತಿ ಇಳಿಯಲಾಗದೆ ಕೂಗಿದ ಕಥೆ ಹೇಳಿದರು. ನಾವದನ್ನು ಅದುವರೆಗೆ ಕೇಳಿರಲೇ ಇಲ್ಲ.

ಮಗಳ ಪುಸ್ತಕದಲ್ಲಿ ಆ ಪುಟದ ಅಂಚಿಗೆ ಈಗ ಪೆನ್ಸಿಲ್‌ನಲ್ಲಿ ಬರೆದಿದೆ: ‘ಬಿಡುವ ಮೊದಲು ಅಜ್ಜಿಯನ್ನು ಕೇಳಬೇಕು.’